ಬಿದಿರಿನ ನಾರು ಮತ್ತು ಮನೆಯ ನಿರ್ಮಾಣ: ಕುಟ್ಟೆ, ಸಂದು, ಮಿತಿ

ಬಿದಿರಿಗೆ ಸಂಬಂಧಿಸಿದ ಕನ್ನಡದ ಪದಸಂಪತ್ತು ಅದರ ರಚನೆಯ ಬಗೆಗಿನ ಸೂಕ್ಷ್ಮ ಪರಿಚಯವನ್ನು ಸೂಚಿಸುತ್ತದೆ. ಮೊಳಕೆಯು ಕಳಲೆ, ಗುಂಪು ಮೆಳೆ, ಕಡಿದ ಕಾಂಡ ಗಳ, ಅದರ ಗಂಟು ಗೆಣ್ಣು, ಸೀಳಿದ ಪಟ್ಟಿ ದಬ್ಬೆ. ಗಳವನ್ನು ಉದ್ದಕ್ಕೆ ಸೀಳುವುದು ಎಷ್ಟು ಸುಲಭವೋ ಅಡ್ಡಕ್ಕೆ ಕಡಿಯುವುದು ಅಷ್ಟೇ ಕಷ್ಟವೆಂಬುದನ್ನು ಬುಟ್ಟಿ ಹೆಣೆಯುವ ಮೇದರು ನಿತ್ಯದ ಕೆಲಸದಲ್ಲಿ ಬಲ್ಲರು. ಬಿದಿರನ್ನು ಕಟ್ಟಡದ ಸಾಮಗ್ರಿಯಾಗಿ ಪರಿಶೀಲಿಸುವವರಿಗೂ ಈ ಒಂದು ಸಂಗತಿಯೇ ಕೀಲಿಕೈ. ಕುಟ್ಟೆಯ ನಿವಾರಣೆ, ಸಂದುಗಳ ಜೋಡಣೆ, ಬಳಕೆಯ ಮಿತಿ ಈ ಮೂರೂ ಅದರ ನಾರಿನ ಹಾಸಿಗೆ ಸಂಬಂಧಿಸಿದವು.

1. ರಚನೆ

ಮರದ ಕಾಂಡದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡಲಾಗಿ ಸಾಗುವ ಜೀವಕೋಶಗಳಿರುತ್ತವೆ. ಬಿದಿರಿನ ಗೆಣ್ಣುಗಳ ನಡುವಣ ಭಾಗದಲ್ಲಿ ಅಂಥವು ಇಲ್ಲ. ನಾರುಗಳೂ ರಸನಾಳಗಳೂ ಉದ್ದಕ್ಕೆ ಮಾತ್ರ ಓಡುತ್ತವೆ. ಗೆಣ್ಣಿನಲ್ಲಿ ಮಾತ್ರ ಅವು ಅಡ್ಡಹಾಯುತ್ತವೆ. ನಾರುಗಳು ಹೊರಮೈಯತ್ತ ಒತ್ತಾಗಿಯೂ ಒಳಮೈಯತ್ತ ವಿರಳವಾಗಿಯೂ ಇರುತ್ತವೆ. ಆದ್ದರಿಂದ ಎಳೆತಕ್ಕೆ ಒಡ್ಡಿಕೊಂಡ ಗಳ ಬಹಳ ಬಲಿಷ್ಠ. ಆದರೆ ನಾರುಗಳನ್ನು ಪಕ್ಕದಿಂದ ಪಕ್ಕಕ್ಕೆ ಹಿಡಿದಿಡುವ ಬಲ ಅತ್ಯಲ್ಪವಾದುದರಿಂದ ಅದು ಸುಲಭವಾಗಿ ಸೀಳುತ್ತದೆ.

2. ಕುಟ್ಟೆ ಮತ್ತು ಅದರ ನಿವಾರಣೆ

ಕುಟ್ಟೆಹುಳು ಸುಮಾರು ಮೂರು ಮಿಲಿಮೀಟರ್ ಉದ್ದದ, ಕಂದುಬಣ್ಣದ ಪುಟ್ಟ ದುಂಬಿ. ಅದು ಅರಸುವುದು ನಾರನ್ನಲ್ಲ, ನಾರಿನ ನಡುವಣ ಮೃದುಕೋಶಗಳಲ್ಲಿ ಸಂಗ್ರಹವಾದ ಪಿಷ್ಟವನ್ನು. ಗಟ್ಟಿಯಾದ ಹೊರಮೈಯನ್ನು ಕೊರೆಯಲಾರದೆ ಅದು ಕಡಿದ ತುದಿಯಿಂದಲೋ ಸವರಿದ ರೆಂಬೆಯ ಗಾಯದಿಂದಲೋ ಒಳಹೊಗುತ್ತದೆ. ನೆಲದ ಮೇಲೆ ಉದುರಿದ ಹಿಟ್ಟಿನಂಥ ನಯವಾದ ಪುಡಿ ಅದರ ಮೊದಲ ಸೂಚನೆ.

ಪಿಷ್ಟ ಕಡಿಮೆಯಿರುವಾಗ ಕಡಿಯುವುದು ಮೊದಲ ಎಚ್ಚರಿಕೆ. ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ, ಮೂರು ವರ್ಷ ದಾಟಿದ ಗಳಗಳನ್ನು ಆರಿಸುವುದು ವಾಡಿಕೆ. ಹೊಸದಾಗಿ ಕಡಿದ ತುದಿಗೆ ಔಷಧಿ ಅಂಗಡಿಯ ಅಯೋಡಿನ್ ಸವರಿದಾಗ ಅದು ಕಡುನೀಲಿಗೆ ತಿರುಗಿದರೆ ಪಿಷ್ಟ ಹೇರಳವಾಗಿದೆಯೆಂದು ತಿಳಿಯಬಹುದು. ಕೆರೆಯಲ್ಲೋ ಹೊಳೆಯಲ್ಲೋ ಒಂದೆರಡು ತಿಂಗಳು ಮುಳುಗಿಸಿಡುವ ಹಳೆಯ ಪದ್ಧತಿಯ ಗುಟ್ಟೂ ಇದೇ: ಪಿಷ್ಟವೂ ಸಕ್ಕರೆಯೂ ನೀರಿನಲ್ಲಿ ಬಹುಮಟ್ಟಿಗೆ ಕರಗಿ, ಕೊಳೆತು ಹೊರಹೋಗುತ್ತವೆ. ಆದರೆ ಈ ಕ್ರಮದಿಂದ ಕುಟ್ಟೆ ಕಡಿಮೆಯಾಗುತ್ತದೆಯೇ ಹೊರತು ಗೆದ್ದಲು ಮತ್ತು ಶಿಲೀಂಧ್ರ ನಿಲ್ಲುವುದಿಲ್ಲ.

ಹೆಚ್ಚು ಕಾಲ ಬಾಳಬೇಕಾದ ಗಳಕ್ಕೆ ಬೋರಿಕ್ ಆಮ್ಲ ಮತ್ತು ಬಿಳಿಗಾರದ ದ್ರಾವಣ ಬಳಕೆಯಲ್ಲಿದೆ. ನೂರು ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಮ್ಲ, 3 ಕಿಲೋ ಬಿಳಿಗಾರ ಎಂಬುದು ಸಾಮಾನ್ಯ ಪ್ರಮಾಣ. ಇಲ್ಲಿ ನಾರಿನ ಹಾಸು ಮತ್ತೆ ಮುಖ್ಯವಾಗುತ್ತದೆ. ಹೊರಮೈಯ ಮೂಲಕ ದ್ರಾವಣ ಒಳಗೆ ಇಳಿಯದ ಕಾರಣ ಬಣ್ಣದಂತೆ ಬಳಿಯುವುದು ವ್ಯರ್ಥ. ಉದ್ದವಾದ ಕಬ್ಬಿಣದ ಸರಳಿನಿಂದ ಒಳಗಣ ಗೆಣ್ಣುಪರದೆಗಳನ್ನೆಲ್ಲ ತೂತುಮಾಡಿ, ಹಸಿಯಾಗಿರುವಾಗಲೇ ಗಳವನ್ನು ತೊಟ್ಟಿಯಲ್ಲಿ ಮುಳುಗಿಸಬೇಕು. ಆಗ ದ್ರಾವಣವು ಟೊಳ್ಳನ್ನು ತುಂಬಿ, ಮೃದುವಾದ ಒಳಮೈಯಿಂದ ಗೋಡೆಯೊಳಕ್ಕೆ ನಿಧಾನವಾಗಿ ಹರಡುತ್ತದೆ. ಇದಕ್ಕೆ ಒಂದರಿಂದ ಎರಡು ವಾರ ಬೇಕು. ಹೊರತೆಗೆದ ಗಳಗಳನ್ನು ಇನ್ನೊಂದು ವಾರ ನೆರಳಿನಲ್ಲಿ ಮುಚ್ಚಿಟ್ಟರೆ ಈ ಹರಡುವಿಕೆ ಪೂರ್ಣಗೊಳ್ಳುತ್ತದೆ. ಅನಂತರ ನೆರಳಿನಲ್ಲೇ ನಿಲ್ಲಿಸಿ ಒಣಗಿಸಬೇಕು. ಒಣಗಿದ ಗಳದ ರಸನಾಳಗಳಲ್ಲಿ ಗಾಳಿ ತುಂಬಿರುವುದರಿಂದ ಉಪಚಾರ ಸರಿಯಾಗಿ ಹಿಡಿಯುವುದಿಲ್ಲ. ದ್ರಾವಣವು ಬಾವಿಗೂ ದನಕರುಗಳ ನೀರಿಗೂ ಸೇರದಂತೆ ನೋಡಿಕೊಳ್ಳುವುದು ಅಗತ್ಯ.

ಉಪಚಾರ ಒಳಕ್ಕೆ ಇಳಿಯಿತೇ ಎಂಬುದನ್ನು ಅರಿಸಿನದಿಂದ ಪರೀಕ್ಷಿಸಬಹುದು. ಗಳದ ನಡುಭಾಗದಿಂದ ಕತ್ತರಿಸಿದ ಚೂರಿನ ಅಡ್ಡಮೈಗೆ ಮದ್ಯಸಾರದಲ್ಲಿ ನೆನೆಸಿದ ಅರಿಸಿನದ ಸಾರವನ್ನು ಸವರಿ ಒಣಗಿಸಿ, ಅದರ ಮೇಲೆ ಸ್ಯಾಲಿಸಿಲಿಕ್ ಆಮ್ಲ ಬೆರೆಸಿದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಚ್ಚುತ್ತಾರೆ. ಬೋರಾನ್ ಇರುವ ಭಾಗ ಕೆಂಪಾಗುತ್ತದೆ, ಇಲ್ಲದ ಭಾಗ ಹಳದಿಯಾಗಿಯೇ ಉಳಿಯುತ್ತದೆ.

3. ಸಂದುಗಳು

ಬಿದಿರಿನ ಕಟ್ಟಡ ಸಾಮಾನ್ಯವಾಗಿ ಸೋಲುವುದು ಗಳದ ನಡುವೆ ಅಲ್ಲ, ಸಂದಿನಲ್ಲಿ. ಮೊಳೆ ಹೊಡೆದರೆ ನಾರುಗಳು ಬೇರ್ಪಟ್ಟು ಗಳ ಉದ್ದಕ್ಕೆ ಸೀಳುತ್ತದೆ. ಕಂಬದ ತಲೆಯನ್ನು ಮೀನಿನ ಬಾಯಿಯಂತೆ ಬಾಗಾಗಿ ಕೊರೆದು, ಅದರಲ್ಲಿ ಅಡ್ಡಗಳವನ್ನು ಕೂರಿಸಿ, ತೆಂಗಿನ ನಾರಿನ ಹಗ್ಗದಿಂದಲೋ ಬೆತ್ತದಿಂದಲೋ ಬಿಗಿಯುವುದು ಹಳೆಯ ಕ್ರಮ. ಕೊರೆತದ ಕೆಳಗೆ ಸಮೀಪದಲ್ಲೇ ಒಂದು ಗೆಣ್ಣು ಇರಬೇಕು. ಇಲ್ಲವಾದರೆ ಭಾರಕ್ಕೆ ಕೊರೆತದ ಅಂಚುಗಳು ಬಿರಿಯುತ್ತವೆ. ಹಸಿ ಗಳಕ್ಕೆ ಕಟ್ಟಿದ ಕಟ್ಟು, ಗಳ ಒಣಗಿ ಕುಗ್ಗಿದಂತೆ ಸಡಿಲಗೊಳ್ಳುವುದು ನಿಶ್ಚಿತ. ಆದ್ದರಿಂದ ಗಳ ಒಣಗಿರಬೇಕು, ಹಗ್ಗ ನೆನೆದಿರಬೇಕು.

ಹೆಚ್ಚಿನ ಭಾರದ ಸಂದುಗಳಿಗೆ ಬೋಲ್ಟು ಬೇಕಾಗುತ್ತದೆ. ಟೊಳ್ಳಿನ ತೆಳುಗೋಡೆಯ ಮೇಲೆ ಬೋಲ್ಟಿನ ಒತ್ತಡ ಬಿದ್ದರೆ ಗೋಡೆ ಜಜ್ಜಿಹೋಗುತ್ತದೆ. ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೋನ್ ವೆಲೆಸ್ ಗ್ವಾದುವಾ ಬಿದಿರಿನಲ್ಲಿ ಪ್ರಚಾರಕ್ಕೆ ತಂದ ಪರಿಹಾರವೆಂದರೆ, ಬೋಲ್ಟು ಹಾಯುವ ಗೆಣ್ಣಿನ ನಡುವಣ ಪೊಳ್ಳಿಗೆ ತೂತಿನ ಮೂಲಕ ಸಿಮೆಂಟ್ ಗಾರೆಯನ್ನು ತುಂಬುವುದು. ಆಗ ಬಲವು ಗಾರೆಯ ಮೂಲಕ ಇಡೀ ಗೋಡೆಗೆ ಹಂಚಿಹೋಗುತ್ತದೆ. ಆದರೆ ಸಂದಿನ ತೂಕ ಹೆಚ್ಚುತ್ತದೆ. ಹಸಿ ಗಳವಾದರೆ ಅದು ಗಾರೆಯ ಸುತ್ತ ಕುಗ್ಗಿ ಸೀಳುತ್ತದೆ.

4. ಒಂದು ಲೆಕ್ಕ

ಮಂಗಳೂರು ಹೆಂಚಿನ ಒಂದು ಚಿಕ್ಕ ಮಾಡನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಪಕಾಸಿಯಾಗಿ 8 ಸೆಂ.ಮೀ. ಹೊರವ್ಯಾಸದ, 1 ಸೆಂ.ಮೀ. ಗೋಡೆದಪ್ಪದ ಒಣಗಳ, ಆಧಾರದಿಂದ ಆಧಾರಕ್ಕೆ 3 ಮೀಟರ್. ಸುರಕ್ಷತೆಯ ಅಂಶವನ್ನು ಕಳೆದ ಮೇಲೂ ಈ ಗಳ ಮುರಿಯದೆ ಸುಮಾರು 110 ಕಿಲೋ ಹರಡಿದ ಭಾರವನ್ನು ಹೊರಬಲ್ಲದು. ಆದರೆ ಹೆಂಚುಗಳು ಜಾರದಿರಬೇಕಾದರೆ ಬಾಗು ಒಂದೂವರೆ ಸೆಂ.ಮೀ. ಮೀರಬಾರದೆಂದು ಇಟ್ಟುಕೊಂಡರೆ, ಹೊರಬಹುದಾದುದು ಸುಮಾರು 60 ಕಿಲೋ ಮಾತ್ರ. ಮುರಿಯುವ ಮೊದಲೇ ಬಾಗುವುದು ಬಿದಿರಿನ ಸ್ವಭಾವ. ಇಲ್ಲಿ ಲೆಕ್ಕವನ್ನು ನಿರ್ಧರಿಸುವುದು ಬಲವಲ್ಲ, ಬಿಗಿತ.

ಹೆಂಚಿನ ಭಾರ ಚದರ ಮೀಟರಿಗೆ 40 ಕಿಲೋ ಎಂದು ಹಿಡಿದು ಪಕಾಸಿಗಳನ್ನು 60 ಸೆಂ.ಮೀ. ಅಂತರದಲ್ಲಿ ಇಟ್ಟರೆ ಪ್ರತಿಯೊಂದರ ಮೇಲೆ 72 ಕಿಲೋ ಬೀಳುತ್ತದೆ. ಅದು ಮಿತಿಯನ್ನು ಮೀರಿತು. 45 ಸೆಂ.ಮೀ. ಅಂತರದಲ್ಲಿ 54 ಕಿಲೋ. ಇದು ಮಿತಿಯೊಳಗಿದ್ದರೂ ಸಾಲದು, ಏಕೆಂದರೆ ನೆನೆದ ಹೆಂಚು ಇನ್ನೂ ಭಾರ, ಜೊತೆಗೆ ಸದಾ ಹೊತ್ತ ಭಾರಕ್ಕೆ ಗಳ ವರ್ಷಗಳುದ್ದಕ್ಕೂ ಮತ್ತಷ್ಟು ಬಾಗುತ್ತದೆ. ಪಕಾಸಿಯ ನಡುವೆ ಒಂದು ಅಡ್ಡಗಳದ ಆಧಾರ ಕೊಟ್ಟರೆ ಅಂತರ 1.5 ಮೀಟರಿಗೆ ಇಳಿದು, ಪ್ರತಿ ತುಂಡಿನ ಸಾಮರ್ಥ್ಯ ಮೂರೂವರೆ ಪಟ್ಟಿಗೂ ಮೀರುತ್ತದೆ. ದಪ್ಪ ಗಳವನ್ನು ಅರಸುವುದಕ್ಕಿಂತ ಅಂತರವನ್ನು ಕಡಿಮೆ ಮಾಡುವುದು ಇಲ್ಲಿ ಮೇಲಾದ ಮಾರ್ಗ.

5. ಮಿತಿಗಳು

ಬೋರಾನ್ ಲವಣ ನೀರಿನಲ್ಲಿ ಕರಗುವಂಥದು. ಮಳೆ ತಗಲುವ ಗಳದಿಂದ ಅದು ಕ್ರಮೇಣ ಸೋರಿಹೋಗುತ್ತದೆ, ಮಣ್ಣಿನಲ್ಲಿ ಹೂತ ಗಳದಲ್ಲಿ ಉಳಿಯುವುದೇ ಇಲ್ಲ. ಉಪಚಾರವಿಲ್ಲದೆ ನೆಲದಲ್ಲಿ ನೆಟ್ಟ ಗಳ ಒಂದರಿಂದ ಮೂರು ವರ್ಷ ಬಾಳಿದರೆ ಹೆಚ್ಚು. ಹಾಗಾಗಿ ಕಂಬವನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲಿನ ಅಥವಾ ಕಾಂಕ್ರೀಟಿನ ಪೀಠದ ಮೇಲೆ ನಿಲ್ಲಿಸಿ, ಮಾಡಿನ ಅಂಚನ್ನು ಅಗಲವಾಗಿ ಚಾಚುವುದು ರಾಸಾಯನಿಕ ಉಪಚಾರದಷ್ಟೇ ಮುಖ್ಯ. ಟೊಳ್ಳಾದ ತೆಳುಗೋಡೆ ಬೇಗ ಉರಿಯುವುದರಿಂದ ಒಲೆಯ ಸಮೀಪಕ್ಕೆ ಬರಿಯ ಬಿದಿರು ಸಲ್ಲದು. 2021ರ ಅಂತರರಾಷ್ಟ್ರೀಯ ಮಾನಕವು (ಐಎಸ್ಒ 22156) ಬಿದಿರಿನ ಕಟ್ಟಡವನ್ನು ಎರಡು ಅಂತಸ್ತಿಗೆ ಸೀಮಿತಗೊಳಿಸಿರುವುದನ್ನೂ ಇಲ್ಲಿ ಗಮನಿಸಬೇಕು.

ಒಟ್ಟಿನಲ್ಲಿ, ಉದ್ದಕ್ಕೆ ಓಡುವ ನಾರು ಬಿದಿರಿಗೆ ಶಕ್ತಿಯನ್ನೂ ದೌರ್ಬಲ್ಯವನ್ನೂ ಒಟ್ಟಿಗೇ ನೀಡಿದೆ. ಮದ್ದು ಒಳಮೈಯಿಂದ ಇಳಿಯಬೇಕು, ಸಂದು ಗೆಣ್ಣಿನ ಬಳಿ ಕೂಡಬೇಕು, ಭಾರ ಕಿರಿದಾದ ಅಂತರಗಳಲ್ಲಿ ಹಂಚಿಹೋಗಬೇಕು, ಬುಡ ನೆಲಕ್ಕೆ ತಾಗಬಾರದು. ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಉಳಿದ ಮೂರರ ಶ್ರಮ ನಿಷ್ಫಲವಾಗುತ್ತದೆ.