ಅವಧಿಗೆ ಮುನ್ನ ಮನೆ ಬಿಟ್ಟರೆ ಅಡ್ವಾನ್ಸ್ ಎಷ್ಟು ವಾಪಸ್?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದೆಂದರೆ ಮೊದಲು ಅಡ್ವಾನ್ಸ್ ಹೊಂದಿಸಬೇಕು. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ರೂಢಿ ಇಲ್ಲಿ ಬಹುಕಾಲದಿಂದ ಇತ್ತು, ಈಗಲೂ ಅಲ್ಲಲ್ಲಿ ಇದೆ. ಇಷ್ಟು ದೊಡ್ಡ ಮೊತ್ತ ಮಾಲೀಕರ ಕೈಯಲ್ಲಿರುವುದರಿಂದಲೇ ಕರಾರಿನ ಅವಧಿ ಮುಗಿಯುವ ಮುನ್ನ ಮನೆ ಬಿಡಬೇಕಾದವರಿಗೆ ಎದೆ ಢವಗುಟ್ಟುತ್ತದೆ.

ಒಂದು ಉದಾಹರಣೆ ನೋಡೋಣ. ಬಾಡಿಗೆ ತಿಂಗಳಿಗೆ 22,000 ರೂಪಾಯಿ, ಅಡ್ವಾನ್ಸ್ ಒಂದೂವರೆ ಲಕ್ಷ. ಕರಾರು ಜೂನ್ 1ರಿಂದ ಏಪ್ರಿಲ್ 30ರವರೆಗೆ, ಅಂದರೆ 11 ತಿಂಗಳು. ಯಾರೇ ಆಗಲಿ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು, ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದು ಎಂದು ಅದರಲ್ಲಿ ಬರೆದಿದೆ. ಸೆಪ್ಟೆಂಬರ್‌ನಲ್ಲಿ ಬಾಡಿಗೆದಾರರಿಗೆ ಹುಬ್ಬಳ್ಳಿಗೆ ವರ್ಗವಾಗುತ್ತದೆ. ಮಾಲೀಕರು ಲೆಕ್ಕ ಹಾಕುತ್ತಾರೆ: ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಆರು ತಿಂಗಳ ಬಾಡಿಗೆ 1,32,000, ಪೇಂಟಿಂಗ್ 22,000. ಅಲ್ಲಿಗೆ ಅಡ್ವಾನ್ಸ್ ಪೂರ್ತಿ ಹೋಯಿತು, ಮೇಲೆ ಬಾಡಿಗೆದಾರರೇ 4,000 ಕೊಡಬೇಕು!

ಈ ಲೆಕ್ಕ ತಪ್ಪು. ನೋಟಿಸ್ ಕೊಟ್ಟು ಹೊರಡಬಹುದೆಂದು ಕರಾರೇ ಹೇಳಿದ ಮೇಲೆ ಉಳಿದ ತಿಂಗಳುಗಳ ಬಾಡಿಗೆ ಕೇಳಲು ಬರುವುದಿಲ್ಲ. ಸೆಪ್ಟೆಂಬರ್ 5ರಂದು ನೋಟಿಸ್ ತಲುಪಿದರೆ ಅವಧಿ ನವೆಂಬರ್ 4ಕ್ಕೆ ಮುಗಿಯುತ್ತದೆ. ಅಕ್ಟೋಬರ್‌ವರೆಗಿನ ಬಾಡಿಗೆ ಸಂದಾಯವಾಗಿದ್ದರೆ ಉಳಿಯುವುದು ನವೆಂಬರ್‌ನ ನಾಲ್ಕು ದಿನದ 2,933 ರೂಪಾಯಿ. ಒಪ್ಪಿಕೊಂಡಿದ್ದ ಪೇಂಟಿಂಗ್ 22,000, ಕೊನೆಯ ಕರೆಂಟು–ನೀರಿನ ಬಿಲ್ಲು 1,450 ಎಂದಿಟ್ಟುಕೊಂಡರೆ ಒಟ್ಟು ಕಡಿತ 26,383. ವಾಪಸ್ ಬರಬೇಕಾದದ್ದು 1,23,617.

ಹಾಗಾಗಿ ಮನೆ ಬಿಡುವ ಯೋಚನೆ ಬಂದ ದಿನವೇ ಕರಾರನ್ನು ತೆಗೆದು ಎರಡು ಸಾಲುಗಳನ್ನು ಹುಡುಕಬೇಕು. ನೋಟಿಸ್ ಅವಧಿ ಎಷ್ಟು? ಲಾಕ್-ಇನ್ ಇದೆಯೇ? ಆರು ತಿಂಗಳ ಲಾಕ್-ಇನ್ ಇದ್ದು ನಾಲ್ಕನೇ ತಿಂಗಳಲ್ಲಿ ಹೊರಟರೆ ಉಳಿದೆರಡು ತಿಂಗಳ ಬಾಡಿಗೆ ಕೇಳಲು ಮಾಲೀಕರಿಗೆ ಆಧಾರ ಸಿಗುತ್ತದೆ.

ನೋಟಿಸ್ ಬಗ್ಗೆ ಕರಾರಿನಲ್ಲಿ ಏನೂ ಬರೆಯದಿದ್ದರೆ? ಹದಿನೈದು ದಿನ ಮೊದಲು ಹೇಳಿದರೆ ಸಾಕು ಎಂಬ ಮಾತು ಜನಜನಿತ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲಿ ಆ ಹದಿನೈದು ದಿನ ಇರುವುದೇನೋ ನಿಜ. ಆದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ, ಬೇರೆ ಒಪ್ಪಂದ ಇಲ್ಲದಿದ್ದಾಗ. ಉದಾಹರಣೆಗೆ, 11 ತಿಂಗಳು ಮುಗಿದ ಮೇಲೂ ಹೊಸ ಕರಾರಿಲ್ಲದೆ ಬಾಡಿಗೆ ಕಟ್ಟುತ್ತ ಉಳಿದವರಿಗೆ. ನಿಗದಿತ ಅವಧಿಗೆ ಸಹಿ ಹಾಕಿ, ನಡುವೆ ಬಿಡುವ ಷರತ್ತೇ ಇಲ್ಲದವರು ಮಾಲೀಕರನ್ನು ಒಪ್ಪಿಸಬೇಕಾಗುತ್ತದೆ. ಅಂಥ ಸಂದರ್ಭದಲ್ಲೂ ಮಾಲೀಕರು ಕೀಲಿ ಪಡೆದು ಮುಂದಿನ ತಿಂಗಳೇ ಮನೆಯನ್ನು ಬೇರೆಯವರಿಗೆ ಕೊಟ್ಟರೆ, ಹಳಬರಿಂದಲೂ ಹೊಸಬರಿಂದಲೂ ಒಂದೇ ತಿಂಗಳ ಬಾಡಿಗೆ ಪಡೆಯುವುದಕ್ಕೆ ಕಾನೂನಿನ ಬಲವಿಲ್ಲ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ಆ ಮೊತ್ತದೊಳಗಿನ ನ್ಯಾಯಯುತ ಪರಿಹಾರ ಮಾತ್ರ.

ಫೋನಿನಲ್ಲಿ ಹೇಳಿದ ಮಾತು ಜಗಳವಾದಾಗ ನಿಲ್ಲುವುದಿಲ್ಲ. ಪತ್ರ ಬರೆದು ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು, ಅದರ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲೂ ಹಾಕಬೇಕು. ಒಕ್ಕಣೆ ಸರಳವಾಗಿದ್ದರೆ ಸಾಕು: "ಜೂನ್ 1ರ ಬಾಡಿಗೆ ಕರಾರಿನಂತೆ ಎರಡು ತಿಂಗಳ ನೋಟಿಸ್ ನೀಡುತ್ತಿದ್ದೇನೆ. ನವೆಂಬರ್ 4ರಂದು ಮನೆ ಖಾಲಿ ಮಾಡಿ ಕೀಲಿ ಒಪ್ಪಿಸುತ್ತೇನೆ. ಅದಕ್ಕೆ ಮೊದಲು ಒಮ್ಮೆ ಬಂದು ಮನೆ ನೋಡಿ. ಅಡ್ವಾನ್ಸ್ 1,50,000 ರೂಪಾಯಿಯಲ್ಲಿ ನ್ಯಾಯವಾದ ಕಡಿತ ಕಳೆದು ಉಳಿದದ್ದನ್ನು ಅಂದೇ ನನ್ನ ಬ್ಯಾಂಕ್ ಖಾತೆಗೆ ಹಾಕಿ, ಕಡಿತದ ವಿವರವನ್ನು ಬರಹದಲ್ಲಿ ಕೊಡಬೇಕಾಗಿ ವಿನಂತಿ."

ಕಡಿತದ ವಿವರ ಕೇಳುವುದಕ್ಕೆ ಕಾರಣವಿದೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು ಅದೇ 1882ರ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಮಾಸಿದ ಗೋಡೆ, ಹಳತಾದ ನಲ್ಲಿ ಸವೆತ. ಒಡೆದ ವಾಶ್‌ಬೇಸಿನ್, ಕಿತ್ತುಬಂದ ಬಾಗಿಲು ಹಾನಿ. ಯಾವುದು ಯಾವುದೆಂದು ತೋರಿಸಲು ಮನೆಗೆ ಬಂದ ದಿನ ತೆಗೆದ ಫೋಟೊಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

"ಹೊಸ ಬಾಡಿಗೆದಾರರು ಅಡ್ವಾನ್ಸ್ ಕೊಡಲಿ, ಆಮೇಲೆ ನಿಮ್ಮದು ಕೊಡುತ್ತೇನೆ" ಎನ್ನುವ ಮಾಲೀಕರು ಬಹಳ. ಕರಾರಿನಲ್ಲಿ ಹಾಗೆ ಬರೆದಿರದಿದ್ದರೆ ಕಾಯಬೇಕಾದ ಬಾಧ್ಯತೆ ಇಲ್ಲ. ಹಾಗೆಂದು ಕೀಲಿ ಕೊಡದೆ ಕೂರುವುದೂ ಜಾಣತನವಲ್ಲ, ಆ ದಿನಗಳಿಗೂ ಬಾಡಿಗೆ ಕೇಳಬಹುದು. ಖಾಲಿ ಮನೆಯ ವಿಡಿಯೊ ಮಾಡಿ, ಕೀಲಿ ಕೊಟ್ಟದ್ದಕ್ಕೆ ಸಹಿ ಪಡೆದು ಹೊರಡುವುದು ಮೇಲು. ಆಮೇಲೂ ಹಣ ಬರದಿದ್ದರೆ ವಕೀಲರ ಮೂಲಕ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ. ಹಣ ಕೊಡಬೇಕಿದ್ದ ದಿನದಿಂದ ಮೂರು ವರ್ಷದೊಳಗೆ ಆ ದಾವೆ ಹೂಡಬೇಕು.