ಬಾಗಿಲು ತಟ್ಟುವವರ ಲೆಕ್ಕ

ಹೊಸ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು, ಅದರ ವಿಳಾಸವನ್ನು ಯಾರಿಗೂ ಹೇಳದೆ ಸುಮ್ಮನೆ ಇಂಟರ್ನೆಟ್ಟಿಗೆ ಜೋಡಿಸಿಡಿ. ಹೆಚ್ಚು ಹೊತ್ತು ಕಳೆಯುವ ಮೊದಲೇ ಯಾರೋ ಅದರೊಳಗೆ ಲಾಗಿನ್ ಆಗಲು ನೋಡುತ್ತಾರೆ. ವಿಳಾಸ ಸೋರಿದ್ದರಿಂದ ಹೀಗಾಗುವುದಲ್ಲ. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಐಪಿವಿ4 ಪದ್ಧತಿಯಲ್ಲಿ ಇರುವುದೇ ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹೊರತಂದ ಝಡ್‌ಮ್ಯಾಪ್ ಎಂಬ ತಂತ್ರಾಂಶ, ವೇಗದ ಸಂಪರ್ಕವಿರುವ ಒಂದೇ ಕಂಪ್ಯೂಟರಿನಿಂದ ಅಷ್ಟನ್ನೂ ಮುಕ್ಕಾಲು ಗಂಟೆಯಲ್ಲಿ ಒಮ್ಮೆ ತಟ್ಟಿ ಬರಬಲ್ಲದು. ಎಲ್ಲರ ಬಾಗಿಲನ್ನೂ ತಟ್ಟುವುದು ಇಷ್ಟು ಸುಲಭವಾದ ಮೇಲೆ ಯಾರ ವಿಳಾಸವೂ ಗುಟ್ಟಲ್ಲ.

ತಟ್ಟುವವರು ಮುಖ್ಯವಾಗಿ ಹುಡುಕುವುದು ಎರಡು ದಾರಿಗಳನ್ನು. ಒಂದು, ದೂರದಿಂದಲೇ ಸರ್ವರ್ ನಿರ್ವಹಿಸಲು ಬಳಸುವ ಎಸ್‌ಎಸ್‌ಎಚ್. ಅದರ ಪೋರ್ಟ್ 22. ಇನ್ನೊಂದು ಅದಕ್ಕಿಂತ ಹಳೆಯದಾದ ಟೆಲ್ನೆಟ್. ಅದರ ಪೋರ್ಟ್ 23. ಅಗ್ಗದ ರೂಟರ್, ಸಿಸಿಟಿವಿ ಕ್ಯಾಮೆರಾ ಮತ್ತು ಅದರ ರೆಕಾರ್ಡರ್‌ಗಳಲ್ಲಿ ಟೆಲ್ನೆಟ್ ಇನ್ನೂ ಉಳಿದುಕೊಂಡಿದೆ. ಯಾರು, ಯಾವ ಪಾಸ್‌ವರ್ಡ್ ಹಿಡಿದು ಬರುತ್ತಾರೆ ಎಂದು ತಿಳಿಯಬೇಕಾದರೆ ಒಳಗೆ ಏನೂ ಇಲ್ಲದ ಒಂದು ಬಾಗಿಲನ್ನು ಬೇಕೆಂದೇ ಇಟ್ಟು, ಬಂದವರ ಪ್ರತಿಯೊಂದು ನಡೆಯನ್ನೂ ಬರೆದುಕೊಳ್ಳಬೇಕು. ಇದೇ ಹನಿಪಾಟ್.

ಇದಕ್ಕೆ ಬಹಳ ಮಂದಿ ಬಳಸುವುದು ಕೌರಿ ಎಂಬ ಉಚಿತ ತಂತ್ರಾಂಶ. ಅದು ಲಿನಕ್ಸ್ ಯಂತ್ರದಂತೆ ನಟಿಸುತ್ತದೆ. ಬಂದವರಿಗೆ ಫೋಲ್ಡರ್‌ಗಳು ಕಾಣುತ್ತವೆ, ಕೊಟ್ಟ ಆದೇಶಕ್ಕೆ ಉತ್ತರವೂ ಬರುತ್ತದೆ. ಆದರೆ ಅವೆಲ್ಲ ತೋರಿಕೆ, ನಿಜವಾದ ಯಂತ್ರದಲ್ಲಿ ಏನೂ ನಡೆಯುವುದಿಲ್ಲ. ಕೌರಿ ಎಸ್‌ಎಸ್‌ಎಚ್‌ಗಾಗಿ ಕಾಯುವುದು ಪೋರ್ಟ್ 2222ರಲ್ಲಿ. ಹಾಗಾಗಿ 22ಕ್ಕೆ ಬಂದವರನ್ನು ಅಲ್ಲಿಗೆ ತಿರುಗಿಸಬೇಕು:

```
iptables -t nat -A PREROUTING -p tcp --dport 22 -j REDIRECT --to-port 2222
```

ಇದಕ್ಕೂ ಮೊದಲು ನಿಮ್ಮ ಅಸಲಿ ಎಸ್‌ಎಸ್‌ಎಚ್ ಅನ್ನು ಬೇರೊಂದು ಪೋರ್ಟಿಗೆ ಸಾಗಿಸಿರಬೇಕು. ಇಲ್ಲವಾದರೆ ಮುಂದಿನ ಸಲ ನೀವೇ ಹನಿಪಾಟ್‌ನೊಳಗೆ ಹೋಗಿ ಬೀಳುತ್ತೀರಿ. ಈ ಸರ್ವರ್‌ನಲ್ಲಿ ಬೇರೆ ಯಾವ ಕೆಲಸವೂ ನಡೆಯಬಾರದು. ಮನೆಯ ಅಥವಾ ಕಚೇರಿಯ ನೆಟ್‌ವರ್ಕಿಗೂ ಅದಕ್ಕೂ ಸಂಬಂಧವಿರಬಾರದು.

ಮುಂದಿನ ನಿರ್ಧಾರ ನಿಜಕ್ಕೂ ಯೋಚಿಸಬೇಕಾದದ್ದು: ಯಾವ ಪಾಸ್‌ವರ್ಡ್ ಒಪ್ಪಬೇಕು? ಎಲ್ಲವನ್ನೂ ತಿರಸ್ಕರಿಸಿದರೆ ಬಂದವರ ಬಳಿಯಿರುವ ಪಟ್ಟಿ ಪೂರ್ತಿಯಾಗಿ ಸಿಗುತ್ತದೆ, ಆದರೆ ಒಳಗೆ ಬಂದಿದ್ದರೆ ಏನು ಮಾಡುತ್ತಿದ್ದರು ಎಂಬುದು ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಪ್ಪಿದರೆ ಮೊದಲ ಪಾಸ್‌ವರ್ಡಿಗೇ ಆಟ ಮುಗಿಯುತ್ತದೆ. ಜೊತೆಗೆ, ಅರ್ಥವಿಲ್ಲದ ಅಕ್ಷರಗಳನ್ನು ಕೊಟ್ಟು ಪರೀಕ್ಷಿಸುವ ಚಾಲಾಕಿಗಳಿಗೆ ಇದು ಬಲೆಯೆಂದು ಕೂಡಲೇ ತಿಳಿಯುತ್ತದೆ. ಆದ್ದರಿಂದ ಆಯ್ದ ಕೆಲವನ್ನು ಮಾತ್ರ ಒಪ್ಪುವಂತೆ ಇಡುವುದು ವಾಸಿ.

ದಾಖಲೆ ಸಿಗುವುದು ಈ ರೂಪದಲ್ಲಿ. ಉದಾಹರಣೆಗಳಿಗೆಂದೇ ಮೀಸಲಿಟ್ಟ ವಿಳಾಸವೊಂದನ್ನು ಇಲ್ಲಿ ಹಾಕಿ, ಸಾಲನ್ನು ಮೊಟಕುಗೊಳಿಸಿದ್ದೇನೆ:

```
{"eventid":"cowrie.login.failed","username":"root",
 "password":"xc3511","src_ip":"203.0.113.45"}
```

`xc3511` ಎಂಬುದು ಊಹೆಯಿಂದ ಹುಟ್ಟಿದ್ದಲ್ಲ. ಒಂದು ಚೀನೀ ತಯಾರಕರ ಬಿಡಿಭಾಗಗಳಿಂದ ಜೋಡಿಸಿದ ಸಿಸಿಟಿವಿ ರೆಕಾರ್ಡರ್‌ಗಳೊಳಗೆ ಕಾರ್ಖಾನೆಯಲ್ಲೇ ಕೂರಿಸಿದ್ದ ಪಾಸ್‌ವರ್ಡ್ ಅದು. `pi` ಎಂಬ ಹೆಸರಿನೊಡನೆ `raspberry` ಬಂದರೆ, ವಿದ್ಯಾರ್ಥಿಗಳೂ ಹವ್ಯಾಸಿಗಳೂ ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಾಗಿ ಹುಡುಕಾಟ ನಡೆದಿದೆ ಎಂದರ್ಥ. ಬಂದವರು ಯಾವ ಉಪಕರಣದ ಬೇಟೆಯಲ್ಲಿದ್ದಾರೆ ಎಂಬುದನ್ನು ಪಾಸ್‌ವರ್ಡೇ ಹೇಳಿಬಿಡುತ್ತದೆ.

`xc3511` ಹೆಸರಾದದ್ದು ಮಿರಾಯ್ ಎಂಬ ಕುತಂತ್ರಾಂಶದಿಂದ. ಅದರ ಬಳಿ ಇದ್ದದ್ದು ಇಂಥ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿ, ಅಷ್ಟೇ. ಅದರ ಬಲದಿಂದಲೇ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು. 2016ರ ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ಅಂಥ ಉಪಕರಣಗಳು ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ಅಮೆರಿಕದಲ್ಲಿ ಗಂಟೆಗಟ್ಟಲೆ ತಡವರಿಸಿದವು. ಮಿರಾಯ್‌ನ ಮೂಲ ಸಂಕೇತ ಅಷ್ಟರಲ್ಲಾಗಲೇ ಬಹಿರಂಗವಾಗಿತ್ತು. ಅದರ ಸಂತತಿ ಇಂದಿಗೂ ಹನಿಪಾಟ್‌ಗಳಿಗೆ ಬರುತ್ತಲೇ ಇದೆ.

ಅಂಥ ಒಂದು ಭೇಟಿ ಹೇಗೆ ನಡೆಯುತ್ತದೆ ನೋಡೋಣ. ಒಂದು ವಿಳಾಸ ಟೆಲ್ನೆಟ್‌ಗೆ ಬಂದು ಒಂದಾದ ಮೇಲೊಂದು ಪಾಸ್‌ವರ್ಡ್ ಪ್ರಯೋಗಿಸುತ್ತದೆ. ಒಂದು ಹೊಂದಿಕೊಂಡ ಕೂಡಲೇ `enable`, `system`, `shell`, `sh` ಎಂದು ಸಾಲಾಗಿ ಕಳಿಸಿ, ಕೊನೆಗೆ ಈ ಆದೇಶ ಕೊಡುತ್ತದೆ:

```
/bin/busybox MIRAI
```

ಆ ಹೆಸರಿನ ಸೌಲಭ್ಯ ಯಾವ ಉಪಕರಣದಲ್ಲೂ ಇಲ್ಲ. `MIRAI: applet not found` ಎಂಬ ಉತ್ತರ ಬರಲಿ ಎಂದೇ ಈ ಪ್ರಶ್ನೆ. ಆ ಉತ್ತರ ಬಂದರೆ ಲಾಗಿನ್ ಆಗಿದೆ, ಆದೇಶಗಳು ನಡೆಯುತ್ತಿವೆ ಎಂದು ಖಾತ್ರಿ. ಸಂತತಿಗಳು ಈ ಜಾಗದಲ್ಲಿ ತಮ್ಮದೇ ಹೆಸರು ಹಾಕಿಕೊಳ್ಳುವುದರಿಂದ, ಬಂದದ್ದು ಯಾವ ಕುಳ ಎಂಬ ಸುಳಿವೂ ಇಲ್ಲಿಯೇ ಸಿಗುತ್ತದೆ.

ಇಷ್ಟಾದ ಮೇಲೆ ಆ ವಿಳಾಸ ಏನನ್ನೂ ಮಾಡದೆ ಹೊರಟುಹೋಗುತ್ತದೆ. ಕೆಲ ಹೊತ್ತಿಗೆ ಇನ್ನೊಂದು ವಿಳಾಸ ಬರುತ್ತದೆ. ಅದು ತಡಕಾಡುವುದಿಲ್ಲ, ಮೊದಲ ಯತ್ನಕ್ಕೇ ಸರಿಯಾದ ಪಾಸ್‌ವರ್ಡ್ ಕೊಡುತ್ತದೆ. ಯಂತ್ರದೊಳಗಿನ ಚಿಪ್ ಯಾವ ಬಗೆಯದು, `wget` ಇದೆಯೇ ಎಂದು ನೋಡಿ, ಅದಕ್ಕೆ ತಕ್ಕ ಕುತಂತ್ರಾಂಶವನ್ನು ಇಳಿಸುತ್ತದೆ. ಕೌರಿ ಆ ಕಡತದ ಪ್ರತಿಯೊಂದನ್ನು ತೆಗೆದಿಡುತ್ತದೆ, ಓಡಿಸುವುದಿಲ್ಲ; ನೀವೂ ಓಡಿಸಬಾರದು.

ಈ ಎರಡು ವಿಳಾಸಗಳ ನಡುವಿನ ವ್ಯತ್ಯಾಸವೇ ಇಡೀ ಅಧ್ಯಯನದ ತಿರುಳು. ಮೊದಲು ತಡಕಾಡಿದ್ದು ಸಾಮಾನ್ಯವಾಗಿ ಈಗಾಗಲೇ ಸೋಂಕು ತಗುಲಿದ ಯಾರದೋ ಅಂಗಡಿಯ ಕ್ಯಾಮೆರಾ ಅಥವಾ ಮನೆಯ ರೂಟರ್. ಅದರ ಒಡೆಯರಿಗೆ ವಿಷಯವೇ ಗೊತ್ತಿರುವುದಿಲ್ಲ. ದಾಳಿಕೋರರಿಗೆ ಹತ್ತಿರವಾದದ್ದು ಎರಡನೆಯ ವಿಳಾಸ, ಮತ್ತು ಕಡತ ಇಳಿದು ಬಂದ ಸರ್ವರ್. ಬರೀ ಪಟ್ಟಿ ಮಾಡಿ, ಯಾವ ವಿಳಾಸ ಹೆಚ್ಚು ಸಲ ಬಂತೆಂದು ಎಣಿಸಿದರೆ ಸಿಕ್ಕಿಬೀಳುವವರು ಸಂತ್ರಸ್ತರೇ. 'ಇಂಥ ದೇಶದಿಂದ ದಾಳಿ' ಎಂದು ನಕ್ಷೆಗೆ ಕೆಂಪು ಬಳಿಯುವುದೂ ಇದೇ ತಪ್ಪು. ಅಷ್ಟರಿಂದ ತಿಳಿಯುವುದು ದುರ್ಬಲ ಉಪಕರಣಗಳು ಎಲ್ಲಿ ಹೆಚ್ಚಿವೆ ಎಂಬುದಷ್ಟೇ.

ಎಣಿಕೆಯಲ್ಲಿ ಬೇರೆ ತೊಡಕುಗಳೂ ಇವೆ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಮನೆಯ ಬ್ರಾಡ್‌ಬ್ಯಾಂಡ್‌ನ ವಿಳಾಸ ಆಗಾಗ ಬದಲಾಗುತ್ತದೆ. ಒಂದು ವಿಳಾಸದ ಹಿಂದೆ ಹತ್ತು ಉಪಕರಣಗಳಿರಬಹುದು, ಒಂದೇ ಉಪಕರಣ ಹತ್ತು ವಿಳಾಸಗಳಿಂದ ಕಾಣಿಸಿಕೊಳ್ಳಲೂಬಹುದು. ಶೋಡಾನ್, ಸೆನ್ಸಿಸ್‌ನಂಥ ಸಮೀಕ್ಷಕರೂ ಬಂದು ಹೋಗುತ್ತಾರೆ. ಅವರು ಸಾಮಾನ್ಯವಾಗಿ ಪಾಸ್‌ವರ್ಡ್ ಪ್ರಯೋಗಿಸುವುದಿಲ್ಲವಾದ್ದರಿಂದ ಮೊದಲೇ ಬೇರ್ಪಡಿಸಬಹುದು. ಇನ್ನು, ಕೌರಿಯನ್ನು ಗುರುತಿಸಿ ಜಾರಿಕೊಳ್ಳುವ ಜಾಣರ ಬಗ್ಗೆ ಈ ದಾಖಲೆ ಹೆಚ್ಚೇನೂ ಹೇಳಲಾರದು. ಅದರಲ್ಲಿ ಸಿಗುವುದು ಬಹುಪಾಲು ಯಾಂತ್ರಿಕವಾಗಿ ಸುತ್ತುವ ಜಾಲಗಳ ಚಿತ್ರ.

ಆ ಚಿತ್ರದಲ್ಲಿ ನಮ್ಮ ರೂಟರ್ರೂ ಇಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮೂಲ ಮಿರಾಯ್ ಉಪಕರಣದ ಮೆಮೊರಿಯಲ್ಲಷ್ಟೇ ಇರುವುದರಿಂದ ಆರಿಸಿ ಹಾಕಿದರೆ ಹೋಗುತ್ತದೆ. ಆದರೆ ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಬೇಗನೆ ಮರಳಿ ಬರುತ್ತದೆ. ಆದ್ದರಿಂದ ಮೊದಲು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಲಾಗಿನ್ ಆಗುವ ಸೌಲಭ್ಯವನ್ನು ಮುಚ್ಚಿ. `xc3511` ಇದ್ದ ರೆಕಾರ್ಡರ್‌ಗಳಂತೆ ಪಾಸ್‌ವರ್ಡ್ ಬದಲಿಸಲು ಬಾರದ ಉಪಕರಣಗಳೂ ಇವೆ. ಅಂಥದ್ದು ನಿಮ್ಮಲ್ಲಿದ್ದರೆ ಅದನ್ನು ಇಂಟರ್ನೆಟ್ಟಿಗೆ ನೇರವಾಗಿ ಜೋಡಿಸಲೇಬೇಡಿ.