ನೋಟ್‌ಬುಕ್ಕಿನಿಂದ ವರದಿಗೆ: ಪೆಂಗ್ವಿನ್ ಕೊಕ್ಕಿನ ಒಂದು ಲೆಕ್ಕ

ಕೋಡ್, ಅದರಿಂದ ಬಂದ ಉತ್ತರ, ನಡುನಡುವೆ ಬರೆದ ಟಿಪ್ಪಣಿ ಇವು ಮೂರನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳುವ ಸಾಧನ ಜುಪಿಟರ್ ನೋಟ್‌ಬುಕ್. 2014ರಲ್ಲಿ ಐಪೈಥಾನ್ ಯೋಜನೆಯಿಂದ ಕವಲೊಡೆದು ಬೆಳೆದ ಈ ಸಾಧನವನ್ನು ಈಗ ದತ್ತಾಂಶದ ಕೆಲಸ ಮಾಡುವವರು ದಿನವೂ ಬಳಸುತ್ತಾರೆ. ನೋಟ್‌ಬುಕ್ಕು ಸೆಲ್ ಎಂಬ ಸಣ್ಣ ಸಣ್ಣ ಭಾಗಗಳಿಂದ ಆಗಿರುತ್ತದೆ. ಒಂದು ಸೆಲ್ಲಿನಲ್ಲಿ ನಾಲ್ಕು ಸಾಲು ಬರೆದು ನಡೆಸಿದರೆ ಉತ್ತರ ಅದರ ಕೆಳಗೇ ಮೂಡುತ್ತದೆ. ಅದನ್ನು ನೋಡಿ ಮುಂದಿನ ಸೆಲ್ ಬರೆಯುತ್ತಾರೆ, ಬೇಕೆನಿಸಿದರೆ ಹಿಂದಕ್ಕೆ ಹೋಗಿ ಹಳೆಯದನ್ನು ತಿದ್ದುತ್ತಾರೆ. ಹೀಗಾಗಿ ನೋಟ್‌ಬುಕ್ಕಿನಲ್ಲಿ ಉಳಿಯುವುದು ಹುಡುಕಾಟ ನಡೆದ ಕ್ರಮ. ವರದಿ ಓದುವವರಿಗೆ ಆ ಕ್ರಮ ಬೇಕಿಲ್ಲ. ಪ್ರಶ್ನೆ ಏನು, ಯಾವ ದತ್ತಾಂಶ, ಏನು ಸಿಕ್ಕಿತು, ಅದನ್ನು ಎಷ್ಟು ನಂಬಬಹುದು ಎಂಬುದಷ್ಟೇ ಅವರಿಗೆ ಬೇಕು.

ಈ ವ್ಯತ್ಯಾಸ ಚೆನ್ನಾಗಿ ಕಾಣುವ ಒಂದು ಉದಾಹರಣೆ ಪಾಮರ್ ಪೆಂಗ್ವಿನ್ ದತ್ತಾಂಶ. ಅಂಟಾರ್ಕ್ಟಿಕಾದ ಪಾಮರ್ ದ್ವೀಪಸಮೂಹದಲ್ಲಿ 2007ರಿಂದ 2009ರ ನಡುವೆ ಕ್ರಿಸ್ಟನ್ ಗೋರ್ಮನ್ ಮತ್ತು ಸಂಗಡಿಗರು 344 ಪೆಂಗ್ವಿನ್‌ಗಳ ಅಳತೆ ತೆಗೆದರು. ಅಡೀಲಿ, ಚಿನ್‌ಸ್ಟ್ರಾಪ್, ಜೆಂಟೂ ಎಂಬ ಮೂರು ಜಾತಿಯ ಹಕ್ಕಿಗಳು ಇದರಲ್ಲಿವೆ. ಕೊಕ್ಕು ಉದ್ದವಾದಷ್ಟೂ ದಪ್ಪವೂ ಆಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ದಪ್ಪವೆಂದರೆ ಮೇಲಂಚಿನಿಂದ ಕೆಳಗಿನ ಅಂಚಿನವರೆಗಿನ ಅಳತೆ.

ನೋಟ್‌ಬುಕ್ಕಿನಲ್ಲಿ ಈ ಕೆಲಸ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ದತ್ತಾಂಶ ತಂದು, ಎರಡು ಅಳತೆಗಳ ನಡುವಿನ ಸಹಸಂಬಂಧ ಲೆಕ್ಕ ಹಾಕಿದರೆ −0.24 ಬರುತ್ತದೆ. ಕೊಕ್ಕು ಉದ್ದವಾದಂತೆ ತೆಳ್ಳಗಾಗುತ್ತದೆ ಎಂದು ಇದರ ಅರ್ಥ. ವಿಚಿತ್ರವೆನಿಸಿ ಚುಕ್ಕಿ ನಕ್ಷೆ ಬರೆಸುತ್ತಾರೆ. ಬಣ್ಣ ಬದಲಿಸುತ್ತಾರೆ, ತೂಕದ ನಕ್ಷೆ ನೋಡುತ್ತಾರೆ, ದ್ವೀಪವಾರು ಬೇರ್ಪಡಿಸುತ್ತಾರೆ. ಇಪ್ಪತ್ತು ಮೂವತ್ತು ಸೆಲ್‌ಗಳ ನಂತರ ಜಾತಿವಾರು ಲೆಕ್ಕ ಮಾಡಿದಾಗ ಉತ್ತರ ತಿರುಗಿ ನಿಲ್ಲುತ್ತದೆ.

ವರದಿಗೆ ಇಳಿಯುವ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಕೋಡ್ ನಡೆಸುವ ಕರ್ನೆಲ್ಲು ಪರದೆಯ ಮೇಲೆ ಕಾಣುವುದನ್ನಷ್ಟೇ ನೆನಪಿಟ್ಟಿರುವುದಿಲ್ಲ, ಹಿಂದೆ ನಡೆಸಿ ಆಮೇಲೆ ಅಳಿಸಿದ ಸೆಲ್ಲಿನ ಪರಿಣಾಮವೂ ಅದರಲ್ಲಿ ಉಳಿದಿರುತ್ತದೆ. ನಡುವೆ ಎಲ್ಲೋ ಪ್ರಯೋಗಕ್ಕೆಂದು ಜೆಂಟೂ ಹಕ್ಕಿಗಳನ್ನು ತೆಗೆದು, ಆ ಸಾಲನ್ನು ಅಳಿಸಿಬಿಟ್ಟರೆ ಮುಂದಿನ ಎಲ್ಲ ಲೆಕ್ಕವೂ 342ರ ಬದಲು 219 ಹಕ್ಕಿಗಳ ಮೇಲೆ ನಡೆಯುತ್ತದೆ. ಪರದೆಯ ಮೇಲೆ ಅದರ ಸುಳಿವೇ ಇರುವುದಿಲ್ಲ. ಸೆಲ್‌ಗಳ ಪಕ್ಕದ `[7]`, `[31]`, `[12]` ಎಂಬ ಅಂಕಿಗಳು ಹಿಂದುಮುಂದಾಗಿದ್ದರೆ ಸಂಶಯಪಡಬೇಕು. ಖಚಿತವಾಗಲು ಕರ್ನೆಲ್ಲನ್ನು ಹೊಸದಾಗಿ ಆರಂಭಿಸಿ, ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಒಮ್ಮೆಗೇ ನಡೆಸಬೇಕು. ಇದಕ್ಕೆ ಮೆನುವಿನಲ್ಲೇ ಆಯ್ಕೆಯಿದೆ. ಹಾಗೆ ನಡೆಸಿದಾಗ ಬಾರದ ಅಂಕಿಯನ್ನು ವರದಿಗೆ ಸೇರಿಸಬಾರದು. ಈ ತೊಂದರೆ ಅಪರೂಪದ್ದಲ್ಲ. ಗಿಟ್‌ಹಬ್ಬಿನಲ್ಲಿ ಸಿಗುವ ನೋಟ್‌ಬುಕ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ನಡೆಸಿ ನೋಡಿದ 2019ರ ಅಧ್ಯಯನವೊಂದರಲ್ಲಿ ದೋಷವಿಲ್ಲದೆ ಕೊನೆ ಮುಟ್ಟಿದವು ಸುಮಾರು ಕಾಲು ಭಾಗ. ಮೊದಲಿನ ಉತ್ತರವನ್ನೇ ಮತ್ತೆ ಕೊಟ್ಟವು ಶೇಕಡ 4ರಷ್ಟು ಮಾತ್ರ.

ಪರೀಕ್ಷೆಯಲ್ಲಿ ನಿಂತ ಸೆಲ್‌ಗಳಿಂದ ವರದಿಯ ಭಾಗವನ್ನು ಕಟ್ಟಬೇಕು. ಮೂಲ ನೋಟ್‌ಬುಕ್ಕನ್ನು ಹಾಗೆಯೇ ಉಳಿಸಿ, ವರದಿಗೆಂದು ಅದರ ಪ್ರತಿಯೊಂದನ್ನು ಮಾಡಿಕೊಳ್ಳುವುದು ಒಳ್ಳೆಯದು. ಆಗ ಧೈರ್ಯವಾಗಿ ಅಳಿಸಬಹುದು. ತೂಕದ ನಕ್ಷೆ, ದ್ವೀಪವಾರು ಪ್ರಯತ್ನ ಇವೆಲ್ಲ ಹೋಗಬೇಕು, ಏಕೆಂದರೆ ಅವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅವುಗಳಿಗೆ ಹಾಕಿದ ಶ್ರಮ ಎಷ್ಟೇ ಇರಲಿ, ಓದುಗರಿಗೆ ಅದರಿಂದ ಉಪಯೋಗವಿಲ್ಲ.

ಭಾಗ ಆರಂಭವಾಗಬೇಕಾದದ್ದು ಪ್ರಶ್ನೆ ಮತ್ತು ಉತ್ತರದಿಂದ, ಕೋಡಿನಿಂದಲ್ಲ: "ಒಂದೇ ಜಾತಿಯ ಒಳಗೆ ಉದ್ದ ಕೊಕ್ಕಿನ ಪೆಂಗ್ವಿನ್‌ಗೆ ದಪ್ಪ ಕೊಕ್ಕೂ ಇರುವ ಪ್ರವೃತ್ತಿಯಿದೆ. ಮೂರೂ ಜಾತಿಗಳನ್ನು ಬೆರೆಸಿದರೆ ಮಾತ್ರ ಇದಕ್ಕೆ ವಿರುದ್ಧವಾಗಿ ಕಾಣುತ್ತದೆ." ಇದರ ಹಿಂದೆಯೇ ದತ್ತಾಂಶದ ಪರಿಚಯ, ಅದರ ಜೊತೆಗೆ ದತ್ತಾಂಶ ತರುವ ಕೋಡ್ ಬರಬೇಕು.

```python
import seaborn as sns
df = sns.load_dataset("penguins")
cols = ["bill_length_mm", "bill_depth_mm"]
df = df.dropna(subset=cols)
len(df)   # 342
```

ಇಲ್ಲಿ `subset` ಇರುವುದಕ್ಕೆ ಕಾರಣವಿದೆ, ಆ ಕಾರಣ ವರದಿಯಲ್ಲಿ ಬರಲೇಬೇಕು. ಎರಡು ಹಕ್ಕಿಗಳಿಗೆ ಕೊಕ್ಕಿನ ಅಳತೆಯೇ ಇಲ್ಲ, ಅವು ಹೋಗುತ್ತವೆ. ಬರೀ `dropna()` ಎಂದು ಬರೆದಿದ್ದರೆ, ಗಂಡೋ ಹೆಣ್ಣೋ ಎಂದು ದಾಖಲಾಗದ ಇನ್ನೂ ಒಂಬತ್ತು ಹಕ್ಕಿಗಳು ಸುಮ್ಮನೆ ಹೊರಬಿದ್ದು 333 ಉಳಿಯುತ್ತಿದ್ದವು. ಕೋಡ್ ಏನು ಮಾಡುತ್ತದೆಂದು ಕೋಡೇ ಹೇಳುತ್ತದೆ. ಹಾಗೇಕೆ ಮಾಡಲಾಯಿತು ಎಂಬುದನ್ನು ಗದ್ಯವೇ ಹೇಳಬೇಕು. "ಮೊದಲು ಗ್ರಂಥಾಲಯವನ್ನು ಆಮದು ಮಾಡಿಕೊಳ್ಳಲಾಯಿತು" ಎಂಬಂಥ ವಾಕ್ಯಗಳಿಂದ ಪುಟ ತುಂಬುತ್ತದೆ, ಓದುಗರಿಗೆ ಹೊಸದೇನೂ ತಿಳಿಯುವುದಿಲ್ಲ.

ನಂತರ ಮುಖ್ಯ ಲೆಕ್ಕ, ಅದರ ಕೆಳಗೇ ಉತ್ತರ.

```python
for name, g in df.groupby("species"):
    r = g[cols[0]].corr(g[cols[1]])
    print(name, len(g), round(r, 2))
```

```
Adelie 151 0.39
Chinstrap 68 0.65
Gentoo 123 0.64
```

ಒಟ್ಟು ಲೆಕ್ಕದ −0.24 ಈ ಮೂರು ಸಾಲುಗಳ ನಂತರ ಬರಬೇಕು, ವಿವರಣೆಯೊಂದಿಗೆ. ಹುಡುಕಾಟದಲ್ಲಿ ಮೊದಲು ಸಿಕ್ಕಿದ್ದು ಅದೇ ಆದರೂ, ವರದಿಯಲ್ಲಿ ಅದನ್ನೇ ಮೊದಲಿಟ್ಟರೆ ಅವಸರದಲ್ಲಿ ಓದುವವರು ತಪ್ಪು ತೀರ್ಮಾನ ಹೊತ್ತುಕೊಂಡು ಹೋಗುತ್ತಾರೆ. ವಿವರಣೆ ಸರಳವಾಗಿದೆ. ಜೆಂಟೂ ಹಕ್ಕಿಯ ಕೊಕ್ಕು ಸರಾಸರಿ 47.5 ಮಿ.ಮೀ. ಉದ್ದ, 15 ಮಿ.ಮೀ. ದಪ್ಪ. ಅಡೀಲಿಯದು 38.8 ಉದ್ದ, 18.3 ದಪ್ಪ. ಹೀಗೆ ಒಂದು ಗುಂಪು ಉದ್ದ ಮತ್ತು ತೆಳುವಿನ ಕಡೆ, ಇನ್ನೊಂದು ಗಿಡ್ಡ ಮತ್ತು ದಪ್ಪದ ಕಡೆ ಇರುವುದರಿಂದ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಗೆರೆ ಕೆಳಕ್ಕೆ ಬಾಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರಿದೆ. ಜಾತಿಗೊಂದು ಬಣ್ಣ ಕೊಟ್ಟ ಒಂದೇ ಚುಕ್ಕಿ ನಕ್ಷೆ ಇಲ್ಲಿ ಸಾಕು. ಅದರ ಶೀರ್ಷಿಕೆ "ಉದ್ದ ಮತ್ತು ದಪ್ಪ" ಎಂದಿದ್ದರೆ ಸಾಲದು, "ಪ್ರತಿ ಜಾತಿಯೊಳಗೂ ಉದ್ದದೊಡನೆ ದಪ್ಪ ಹೆಚ್ಚುತ್ತದೆ" ಎಂದು ಏನು ನೋಡಬೇಕೆಂಬುದನ್ನೇ ಹೇಳಬೇಕು.

ಎಷ್ಟು ಕೋಡ್ ತೋರಿಸಬೇಕೆಂಬುದು ಓದುಗರನ್ನು ಅವಲಂಬಿಸಿದೆ. ಫಲಿತಾಂಶವನ್ನು ಬದಲಿಸಬಲ್ಲ ಸಾಲುಗಳು, ಅಂದರೆ ಏನನ್ನು ಕೈಬಿಡಲಾಯಿತು, ಹೇಗೆ ಗುಂಪು ಮಾಡಲಾಯಿತು ಎಂಬವು ಕಾಣಬೇಕು. ನಕ್ಷೆಯ ಬಣ್ಣ, ಅಕ್ಷರದ ಗಾತ್ರ ಹೊಂದಿಸುವ ಸಾಲುಗಳನ್ನು ಮರೆಮಾಡಬಹುದು. ಕ್ವಾರ್ಟೊ ಬಳಸುವವರು ಅಂಥ ಸೆಲ್ಲಿನ ಮೊದಲ ಸಾಲಾಗಿ `#| echo: false` ಎಂದು ಬರೆದರೆ ಕೋಡ್ ಮರೆಯಾಗಿ ನಕ್ಷೆ ಮಾತ್ರ ಉಳಿಯುತ್ತದೆ. ಕೋಡ್ ಪೂರ್ತಿ ಬೇಡವಾದರೆ ಜುಪಿಟರ್‌ನ ಜೊತೆಗೇ ಬಳಕೆಯಲ್ಲಿರುವ ಈ ಆಜ್ಞೆ ಸಾಕು:

```
jupyter nbconvert --to html --execute --no-input penguin.ipynb
```

ಇದರಲ್ಲಿನ `--execute` ನೋಟ್‌ಬುಕ್ಕನ್ನು ಹೊಸ ಕರ್ನೆಲ್ಲಿನಲ್ಲಿ ಮೊದಲಿನಿಂದ ನಡೆಸುತ್ತದೆ, ದೋಷ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಆದರೆ ಗದ್ಯದಲ್ಲಿ ಕೈಯಿಂದ ಬರೆದ 0.65 ಅಥವಾ 342ನ್ನು ಅದು ಪರಿಶೀಲಿಸುವುದಿಲ್ಲ. ದತ್ತಾಂಶ ಬದಲಾದಾಗ ಉತ್ತರ ಬದಲಾಗಿ, ವಾಕ್ಯದಲ್ಲಿ ಹಳೆಯ ಅಂಕಿಯೇ ಉಳಿಯುವುದು ಇಂಥ ವರದಿಗಳಲ್ಲಿ ಕಣ್ಣಿಗೆ ಬೀಳದ ತಪ್ಪು. ಆದ್ದರಿಂದ ಕಡತವನ್ನು ಕಳಿಸುವ ಮುನ್ನ ಗದ್ಯದ ಪ್ರತಿ ಅಂಕಿಯನ್ನೂ ಅದರ ಸೆಲ್ಲಿನ ಉತ್ತರದ ಪಕ್ಕದಲ್ಲಿಟ್ಟು ಓದಬೇಕು.

ಭಾಗದ ಕೊನೆಗೆ ಮಿತಿಗಳು ಬರಬೇಕು, ಅವೂ ಈ ಲೆಕ್ಕಕ್ಕೇ ಸಂಬಂಧಿಸಿದವಾಗಿರಬೇಕು. ಚಿನ್‌ಸ್ಟ್ರಾಪ್ ಹಕ್ಕಿಗಳು 68 ಮಾತ್ರ ಇವೆ. ಗಂಡು ಹೆಣ್ಣುಗಳನ್ನು ಬೇರೆ ಮಾಡಿಲ್ಲ, ಗಂಡಿನ ಕೊಕ್ಕು ಎರಡು ಅಳತೆಯಲ್ಲೂ ದೊಡ್ಡದಾಗಿರುವುದರಿಂದ ಜಾತಿಯೊಳಗಿನ ಸಂಬಂಧದಲ್ಲಿ ಒಂದು ಪಾಲು ಅದರಿಂದಲೇ ಬಂದಿರಬಹುದು. ಅಳತೆಗಳು ಒಂದೇ ದ್ವೀಪಸಮೂಹದ ಮೂರು ವರ್ಷಗಳವು, ಬೇರೆ ಕಡೆಯ ಪೆಂಗ್ವಿನ್‌ಗಳ ಬಗ್ಗೆ ಇವು ಏನನ್ನೂ ಹೇಳುವುದಿಲ್ಲ.